ಐದು ಸೆಕೆಂಡಿನ ಕತ್ತಲೆ

ನಮ್ಮ ಮನೆಯಲ್ಲೊಂದು ಮಳೆ ಪುಸ್ತಕವಿದೆ. ಬೆಳಿಗ್ಗೆ ಎಂಟಕ್ಕೆ ಮಾಪಕದ ನೀರನ್ನು ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುವುದು ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟದವರ ಹಳೆಯ ಅಭ್ಯಾಸ. ಅಪ್ಪನಿಗೆ ಆಗ 78 ವರ್ಷ. ಫೆಬ್ರವರಿಯ ಮಳೆಯಿಲ್ಲದ ದಿನಗಳ ಖಾಲಿ ಸಾಲುಗಳಲ್ಲಿ ಅವರು ಬೇರೇನೋ ಬರೆಯತೊಡಗಿದ್ದರು. ‘ಎದೆ ಪಟಪಟ, ಹತ್ತು ನಿಮಿಷ.’ ‘ಪಟಪಟ ನಿಂತಿತು, ಕಣ್ಣು ಕತ್ತಲೆ.’ ನಮಗ್ಯಾರಿಗೂ ಹೇಳಿರಲಿಲ್ಲ. ಮೆಣಸು ಕೊಯ್ಯುವ ಏಣಿಯ ಬುಡದಲ್ಲಿ ಅವರು ಕುಸಿದ ದಿನ ನಾನು ಆ ಪುಟಗಳನ್ನು ನೋಡಿದೆ.

ರೋಗ ಏನೆಂಬುದು ಆ ಎರಡನೆಯ ಸಾಲಿನಲ್ಲೇ ಇತ್ತು. ಅದನ್ನು ಓದಲು ನಮಗೆ ಮೂರು ತಿಂಗಳು ಬೇಕಾಯಿತು.

ಮೊದಲು ತೋರಿಸಿದ ಕಡೆ ಇಸಿಜಿ ತೆಗೆದರು. ನಿಮಿಷಕ್ಕೆ 58 ಬಡಿತ, ‘ವಯಸ್ಸಿಗೆ ಸರಿಯಾಗಿದೆ’ ಎಂದರು. ಇಸಿಜಿ ಕಾಣುವುದು ಹತ್ತು ಸೆಕೆಂಡಿನ ಹೃದಯವನ್ನು. ಜನವರಿಯ ಒಂದು ಮಧ್ಯಾಹ್ನ ಹೇಮಾವತಿಯನ್ನು ನೋಡಿ, ಜುಲೈಯಲ್ಲಿ ಅದು ಹೇಗಿರುತ್ತದೆ ಎಂದು ಹೇಳಲಾದೀತೇ? ಎದೆ ಹೊಡೆದುಕೊಳ್ಳುತ್ತದೆ ಎಂದು ಅಪ್ಪ ಹೇಳಿದ್ದಕ್ಕೆ ಬಡಿತ ತಗ್ಗಿಸುವ ಮೆಟೊಪ್ರೊಲಾಲ್ ಮಾತ್ರೆ ಕೊಟ್ಟರು. ಪಟಪಟ ಕಡಿಮೆಯಾಯಿತು, ತಲೆಸುತ್ತು ಹೆಚ್ಚಿತು. ಒಂದು ಬೆಳಿಗ್ಗೆ ಅವ್ವ ಕೈ ಹಿಡಿದು ನಾಡಿ ಎಣಿಸಿದರೆ ನಿಮಿಷಕ್ಕೆ 42.

ಹಾಸನದಲ್ಲಿ ನೋಡಿದ ಹೃದಯದ ಡಾಕ್ಟರು ಯಂತ್ರಕ್ಕೆ ಕೈ ಹಾಕುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಗೌಡ್ರೇ, ಯಾವುದು ಮೊದಲು? ಓಟವೋ, ಕತ್ತಲೆಯೋ?”

“ಓಟ. ಅದು ನಿಂತ ಕೂಡಲೇ ಕತ್ತಲೆ,” ಎಂದರು ಅಪ್ಪ.

ಡಾಕ್ಟರು ಮಾತ್ರೆಯನ್ನು ಹಂತಹಂತವಾಗಿ ನಿಲ್ಲಿಸಿದರು. ಥೈರಾಯಿಡ್, ಪೊಟ್ಯಾಷಿಯಂ ಪರೀಕ್ಷೆ ಮಾಡಿಸಿದರು. ಆಮೇಲೆ ಮೂರು ದಿನಕ್ಕೆ ಹೋಲ್ಟರ್ ಕಟ್ಟಿದರು. ಎದೆಗೆ ಅಂಟಿಸಿದ ತಂತಿಗಳು, ಸೊಂಟಕ್ಕೊಂದು ಪುಟ್ಟ ಡಬ್ಬಿ. ಏನಾದರೂ ಆದರೆ ಗಂಟೆ, ನಿಮಿಷ ಬರೆದಿಡಬೇಕು ಎಂದರು. ಅಪ್ಪನಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಎರಡನೆಯ ದಿನ ಮಳೆ ಪುಸ್ತಕದಲ್ಲಿ ಬರೆದರು: ‘11.20, ಕಣದಲ್ಲಿ ಕಾಫಿ ಹರಡುವಾಗ ಕತ್ತಲೆ, ಕೂತೆ.’

ಹೋಲ್ಟರಿನ ಕಾಗದವನ್ನು ಡಾಕ್ಟರು ನಮ್ಮ ಮುಂದೆ ಹರಡಿದರು. 11.02ರಿಂದ ಗೆರೆಗಳು ಲಯವಿಲ್ಲದೆ ಒತ್ತೊತ್ತಾಗಿ ಓಡಿದ್ದವು, ನಿಮಿಷಕ್ಕೆ ಸುಮಾರು 140. ಏಟ್ರಿಯಲ್ ಫಿಬ್ರಿಲೇಷನ್ ಎಂದರು, ಅಂದರೆ ಹೃದಯದ ಮೇಲಿನ ಕೋಣೆಗಳು ಬಡಿಯದೆ ಬರೀ ಅದುರುವುದು. 11.20ಕ್ಕೆ ಓಟ ತಟ್ಟನೆ ನಿಂತಿತ್ತು. ಆಮೇಲೆ ಬರೀ ನೇರ ಗೆರೆ. ಅವರು ಬೆರಳಿಟ್ಟು ಚೌಕಗಳನ್ನು ಎಣಿಸಿದರು. 5.2 ಸೆಕೆಂಡು. ಅದಾದ ಮೇಲೆ ಒಂದು ಬಡಿತ, ಇನ್ನೊಂದು, ನಿಧಾನವಾಗಿ. ನಾನು ಆ ಬಿಳಿ ಜಾಗವನ್ನೇ ನೋಡುತ್ತಿದ್ದೆ. ಆ ಹೊತ್ತಿನಲ್ಲಿ ನಾನು ಕಣದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ರೈಟರ್ ಜೊತೆ ಲೆಕ್ಕ ನೋಡುತ್ತಿದ್ದೆ.

ಹೃದಯದ ಬಲಭಾಗದ ಮೇಲಿನ ಕೋಣೆಗೆ ದೊಡ್ಡ ರಕ್ತನಾಳ ಸೇರುವ ಕಡೆ ಸೈನಸ್ ನೋಡ್ ಎಂಬ ಸಣ್ಣ ಕಣಗುಚ್ಛವಿದೆ. ಪ್ರತಿ ಬಡಿತಕ್ಕೂ ಅಪ್ಪಣೆ ಹೊರಡುವುದು ಅಲ್ಲಿಂದ. ವಯಸ್ಸಾದಂತೆ ಅದರ ಜೀವಕಣಗಳು ಕಡಿಮೆಯಾಗಿ ನಾರು ತುಂಬಿಕೊಳ್ಳುತ್ತದೆ. ಅಕ್ಕಪಕ್ಕದ ಮಾಂಸವೂ ಹಾಗೆಯೇ ನಾರಾಗುವುದರಿಂದ ಅಲ್ಲಿ ಅಂಕೆಯಿಲ್ಲದ ಓಟ ಹುಟ್ಟುತ್ತದೆ. ಓಟ ನಡೆಯುವಷ್ಟು ಹೊತ್ತು ಸೈನಸ್ ನೋಡ್ ಅದುಮಿಟ್ಟಂತೆ ಸುಮ್ಮನಿರುತ್ತದೆ. ಓಟ ನಿಂತಾಗ ಆರೋಗ್ಯವಂತರಲ್ಲಿ ಅದು ಕೂಡಲೇ ಎದ್ದು ಕೆಲಸ ಹಿಡಿಯುತ್ತದೆ. ಅಪ್ಪನದು ಎಚ್ಚರಗೊಳ್ಳಲು ಐದು ಸೆಕೆಂಡು ತೆಗೆದುಕೊಂಡಿತು. ಸಿಕ್ ಸೈನಸ್ ಸಿಂಡ್ರೋಮಿನಲ್ಲಿ ವೇಗ, ನಿಧಾನ ಎರಡೂ ಇರುವ ಬಗೆ ಇದು. ಓಟ ತಡೆಯಲು ಮಾತ್ರೆ ಕೊಟ್ಟರೆ ನೋಡ್ ಇನ್ನಷ್ಟು ಮಂಕಾಗುತ್ತದೆ. ಕೊಡದಿದ್ದರೆ ಓಟ, ಅದರ ಹಿಂದೆಯೇ ಕತ್ತಲೆ. ಮೊದಲ ಮಾತ್ರೆ ಅಪ್ಪನಿಗೆ ಮಾಡಿದ್ದೇನು ಎಂಬುದು ಆಗ ಅರ್ಥವಾಯಿತು.

ಆ ಕಾಗದದಲ್ಲಿ ರಾತ್ರಿಯ ಎರಡು ಸಣ್ಣ ಬಿಡುವುಗಳೂ ಇದ್ದವು. ಡಾಕ್ಟರು ಅವನ್ನು ಬದಿಗಿಟ್ಟರು. ನಿದ್ದೆಯಲ್ಲಿ ಬಡಿತ ಇಳಿಯುವುದು ಸಹಜ. ಇಷ್ಟು ಸೆಕೆಂಡು ನಿಂತರೆ ಪೇಸ್‌ಮೇಕರ್ ಹಾಕಲೇಬೇಕು ಎಂಬ ಗಡಿ ಈ ಕಾಯಿಲೆಗೆ ಇಲ್ಲವಂತೆ. ಗೆರೆಯಲ್ಲಿ ಕಂಡದ್ದೂ ರೋಗಿ ಅನುಭವಿಸಿದ್ದೂ ಒಂದೇ ಗಳಿಗೆಯಲ್ಲಿ ಕೂಡಬೇಕು. ಯಂತ್ರದ 11.20 ಮತ್ತು ಅಪ್ಪನ ಕೈಬರಹದ 11.20 ಕೂಡಿದ್ದರಿಂದಲೇ ಸಂಶಯ ಉಳಿಯಲಿಲ್ಲ. ಎಷ್ಟೋ ಮನೆಗಳಲ್ಲಿ ಹಿರಿಯರ ತಲೆಸುತ್ತನ್ನು ಪಿತ್ತ, ನಿಶ್ಶಕ್ತಿ ಎಂದು ಬಿಟ್ಟುಬಿಡುತ್ತೇವೆ. ಗಂಟೆ, ನಿಮಿಷ ಬರೆದಿಡುವವರು ಯಾರು?

ಆದರೂ ಅಪ್ಪ ಒಪ್ಪಲಿಲ್ಲ. “ಮೆಷಿನ್ ಇದ್ರೆ ಪ್ರಾಣ ಹೋಗೋಕೂ ಬಿಡಲ್ವಂತೆ. ಒದ್ದಾಡಿಕೊಂಡು ಇರಬೇಕಂತೆ,” ಎಂದರು. ಅಡ್ಡಾಡುವ ಈ ಮಾತಿನ ಕೆಳಗೆ ನಿಜವಾದ ಭಯವಿತ್ತು. ಡಾಕ್ಟರು ಅದನ್ನು ತಳ್ಳಿಹಾಕಲಿಲ್ಲ. ಹೃದಯದ ಮಾಂಸವೇ ಸೋತಾಗ ಯಂತ್ರ ಕಳಿಸುವ ಮಿಡಿತಕ್ಕೆ ಅದು ಓಗೊಡುವುದಿಲ್ಲ, ಸಾವನ್ನು ಅದು ಹಿಡಿದಿಡುವುದಿಲ್ಲ ಎಂದರು. ಮುಂದಿನ ಮಾತು ನಾನು ನಿರೀಕ್ಷಿಸಿದ್ದಲ್ಲ: “ನಿಮ್ಮ ಕಾಯಿಲೆಯಲ್ಲಿ ಇದು ಆಯಸ್ಸು ಹೆಚ್ಚಿಸುತ್ತೆ ಅಂತ ನಾನು ಹೇಳಲ್ಲ. ಬೀಳದ ಹಾಗೆ ನೋಡಿಕೊಳ್ಳುತ್ತೆ, ಅಷ್ಟೇ.”

1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್‌ಗೆ ಮೊದಲ ಬಾರಿ ಮೈಯೊಳಗೆ ಪೇಸ್‌ಮೇಕರ್ ಇಟ್ಟರು. ಅದು ಕೆಲವೇ ಗಂಟೆ ನಡೆಯಿತು. ಒಂದಾದ ಮೇಲೊಂದು ಯಂತ್ರ ಬದಲಿಸಿಕೊಳ್ಳುತ್ತ ಆತ 2001ರವರೆಗೆ ಬದುಕಿದ. ನಾನು ಆ ಕತೆಯನ್ನು ಅಪ್ಪನಿಗೆ ಹೇಳಿ ಒಪ್ಪಿಸಲು ಹೊರಟಿದ್ದೆ. ಆದರೆ ಆತನದು ಹಾರ್ಟ್ ಬ್ಲಾಕ್, ಮೇಲಿನ ಕೋಣೆಯ ಅಪ್ಪಣೆ ಕೆಳಗಿಳಿಯದ ಕಾಯಿಲೆ. ಅಲ್ಲಿ ಯಂತ್ರವೇ ಜೀವ. ಅಪ್ಪನ ಮುಂದಿದ್ದ ಪ್ರಶ್ನೆ ಬೇರೆ, ಹಾಗಾಗಿ ಕತೆ ಹೇಳದೆ ಉಳಿದೆ. ಇಳಿಜಾರಿನ ತೋಟ, ಹಲವು ಕಡೆ ಫೋನ್ ಸಿಗದು, ಸಂಜೆಗೆ ಆನೆ ಬಂದರೆ ದಾರಿ ಬಿಟ್ಟು ಓಡಬೇಕು. ಇಂಥಲ್ಲಿ ಐದು ಸೆಕೆಂಡಿನ ಕತ್ತಲೆಗೆ ಬೇರೆಯದೇ ತೂಕವಿದೆ. ನಾವು ಕೊಡಬಹುದಾದ ಇನ್ನೊಂದು ದಾರಿ, ಅಪ್ಪ ಮನೆಯ ಜಗಲಿ ಬಿಟ್ಟು ಇಳಿಯದಿರುವುದು. ಅದನ್ನು ಅವರೇ ತೂಗಿ ನೋಡಿದರು. “ಏಣಿ ಹತ್ತಲ್ಲ. ತೋಟಕ್ಕೆ ಮಾತ್ರ ಹೋಗಬೇಕು,” ಎಂದರು. ಒಪ್ಪಿಗೆ ಬಂದದ್ದು ಹಾಗೆ.

ಮೈಸೂರಿನಲ್ಲಿ ಹಾಕಿಸಿದೆವು. ಎಡ ಕೊರಳೆಲುಬಿನ ಕೆಳಗೆ ಮರಗಟ್ಟಿಸಿ, ಸಣ್ಣದಾಗಿ ಕೊಯ್ದು, ರಕ್ತನಾಳದ ಮೂಲಕ ಎರಡು ತಂತಿ ಇಳಿಸಿದರು. ಒಂದು ಮೇಲಿನ ಕೋಣೆಗೆ, ಒಂದು ಕೆಳಗಿನದಕ್ಕೆ. ಕೆಳಗಿನ ಕೋಣೆಗೆ ಮಾತ್ರ ತಂತಿ ಹಾಕಿದರೆ ಖರ್ಚು ಕಡಿಮೆ, ಆದರೆ ಈ ಕಾಯಿಲೆಯವರಲ್ಲಿ ಅದರಿಂದ ಓಟ ಹೆಚ್ಚುವುದುಂಟು. ತಂತಿ ಜಾಗ ಬಿಟ್ಟು ಕದಲದಿರಲೆಂದು ಕೆಲವು ವಾರ ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು ಎಂದರು. ಮಾಪಕವನ್ನು ಬಲಗೈಯಲ್ಲಿ ಎತ್ತಿ ಅಳೆಯುವುದನ್ನು ಅಪ್ಪ ಕಲಿತರು.

ಮೂರು ತಿಂಗಳಿಗೆ ಯಂತ್ರದ ನೆನಪನ್ನು ಓದಿಸಿದಾಗ ಓಟ ಹನ್ನೊಂದು ಸಲ ಬಂದಿತ್ತು. ಅಪ್ಪನ ಮುಖ ಸಪ್ಪಗಾಯಿತು. ಪೇಸ್‌ಮೇಕರ್ ಓಟವನ್ನು ನಿಲ್ಲಿಸುವುದಿಲ್ಲ, ಓಟ ಮುಗಿದ ಮೇಲಿನ ಬಿಡುವನ್ನು ತುಂಬುತ್ತದೆ. ಆ ರಕ್ಷಣೆ ಇರುವುದರಿಂದಲೇ ಮೆಟೊಪ್ರೊಲಾಲನ್ನು ಈಗ ಧೈರ್ಯವಾಗಿ ಕೊಡಬಹುದು ಎಂದರು ಡಾಕ್ಟರು. ಅದುರುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗದಿರಲೆಂದು ಕೊಡುವ ರಕ್ತ ತೆಳುವಾಗಿಸುವ ಮಾತ್ರೆಯೂ ಮುಂದುವರಿಯಿತು. ಯಂತ್ರ ಹಾಕಿಸಿದ ಮೇಲೆ ಮಾತ್ರೆ ಯಾಕೆಂದು ಬಿಡುವವರಿದ್ದಾರೆ, ಅದು ಅಪಾಯ.

ಮಳೆ ಪುಸ್ತಕದಲ್ಲಿ ಹೂಮಳೆಯ ಸೆಂಟುಗಳ ಪಕ್ಕ ‘ಪಟಪಟ’ ಎಂಬ ಮಾತು ಈಗಲೂ ಆಗೀಗ ಸಿಗುತ್ತದೆ, ‘ಕತ್ತಲೆ’ ಸಿಗುವುದಿಲ್ಲ. ಕೊನೆಯ ಪುಟಕ್ಕೆ ಪೇಸ್‌ಮೇಕರಿನ ಕಾರ್ಡನ್ನು ಪಿನ್ ಮಾಡಿ, ಕೆಳಗೆ ಅಪ್ಪ ತಮ್ಮ ಅಕ್ಷರದಲ್ಲಿ ಬರೆದಿದ್ದಾರೆ: ‘ಬ್ಯಾಟರಿ ಬೆಂಕಿಗೆ ಸಿಡಿಯುತ್ತದಂತೆ. ಸುಡುವ ಮುಂಚೆ ಡಾಕ್ಟರಿಗೆ ಹೇಳಿ ತೆಗೆಸುವುದು.’