ಮೂರು ಗಂಟೆ, ಯಾರ ಗಡಿಯಾರದಲ್ಲಿ?

ಸಂದರ್ಶನದ ಕರೆ ತಪ್ಪಿಸಿಕೊಂಡವನು ಮೊದಲು ನೆನೆಯುವುದು ಕೈತಪ್ಪಿದ ನೌಕರಿಯನ್ನು. ಆ ಕಡೆ ಕಾದು ಕುಳಿತಿದ್ದವರು ನೆನೆಯುವುದು ಹಾಳಾದ ಅರ್ಧ ಗಂಟೆಯನ್ನು. ಕ್ಷಮೆ ಕೇಳುವ ಮೇಲ್ ಹೋಗಿ ತಲುಪುವುದು ಈ ಎರಡನೆಯವರಿಗೆ. ಆದ್ದರಿಂದ ಅದರ ಮೊದಲ ಸಾಲಿನಲ್ಲಿ ಅವರ ಅರ್ಧ ಗಂಟೆಯ ಮಾತು ಬರಬೇಕು.

*

ಒಂದು ಕರೆಯ ಹಿಂದೆ ಎಷ್ಟು ಜನ ಇರುತ್ತಾರೆ ಎಂಬುದು ಹೊಸ ಹುಡುಗರಿಗೆ ತಿಳಿಯುವುದಿಲ್ಲ. ವೇಳೆ ಗೊತ್ತುಮಾಡುವವರು ಎಚ್‌ಆರ್‌ನ ಒಬ್ಬರು. ಪ್ರಶ್ನೆ ಕೇಳುವವರು ಬೇರೆ, ತಂಡದ ಒಬ್ಬಿಬ್ಬರು ಎಂಜಿನಿಯರುಗಳು. ಇನ್ನೊಂದು ಸಲ ಕರೆಯಬೇಕೇ ಎಂದು ನಿರ್ಧರಿಸುವವರು ಅವರಿಗೂ ಮೇಲಿನವರು. ಮೇಲ್ ಹೋಗುವುದು ಎಚ್‌ಆರ್‌ಗೆ, ತೀರ್ಮಾನ ಮಾತ್ರ ಅವರ ಕೈಯಲ್ಲಿಲ್ಲ. ಅವರು ಒಂದಕ್ಷರವನ್ನೂ ಸೇರಿಸದೆ ಮೇಲಿನವರಿಗೆ ಹಾಗೆಯೇ ದಾಟಿಸಲು ಬರುವಂತಿದ್ದರೆ ಆ ಮೇಲ್ ಅರ್ಧ ಕೆಲಸ ಮುಗಿಸಿತು.

*

ಗೋಕಾಕ–ಹುಕ್ಕೇರಿ ಸೀಮೆಯ ಘೋಡಗೇರಿಯ ಒಬ್ಬ ಹುಡುಗನ ಕಥೆ ಇದು. ಜುಲೈ ತಿಂಗಳು. ಡಬ್ಲಿನ್ನಿನ ಒಂದು ಕಂಪನಿ ಸಂದರ್ಶನಕ್ಕೆ ಕರೆದಿತ್ತು. ಮೇಲ್‌ನಲ್ಲಿದ್ದದ್ದು: 3:00 PM IST. ಹುಡುಗ ಇಸ್ತ್ರಿ ಅಂಗಿ ತೊಟ್ಟು, ಹಿಂದೆ ಬರಿ ಗೋಡೆ ಕಾಣುವ ಹಾಗೆ ಕುರ್ಚಿ ಸರಿಸಿ, ಎರಡೂವರೆಗೇ ಲಿಂಕ್ ತೆರೆದು ಕುಳಿತ. ಮೂರಾಯಿತು, ಮೂರೂ ಇಪ್ಪತ್ತಾಯಿತು, ಯಾರೂ ಬರಲಿಲ್ಲ. ಕಂಪನಿಯವರು ಮರೆತರು ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದ. ಸಂಜೆ ಏಳೂವರೆಗೆ ಅವನು ಡೈರಿಗೆ ಹಾಲು ಹಾಕಲು ಹೋಗಿದ್ದ, ಫೋನ್ ಮನೆಯಲ್ಲೇ ಚಾರ್ಜಿಗಿತ್ತು. ಸರಿಯಾಗಿ ಆ ಹೊತ್ತಿಗೆ ಡಬ್ಲಿನ್ನಿನಲ್ಲಿ ಮೂರು ಗಂಟೆ.

*

ಬೇಸಿಗೆಯ ತಿಂಗಳುಗಳಲ್ಲಿ ಐರ್ಲೆಂಡಿನವರೂ ತಮ್ಮ ಸಮಯವನ್ನು ಐಎಸ್‌ಟಿ ಎಂದೇ ಬರೆಯುತ್ತಾರೆ: ಐರಿಷ್ ಸ್ಟ್ಯಾಂಡರ್ಡ್ ಟೈಮ್. 1968ರ ಕಾನೂನಿನಿಂದ ಬಂದ ಹೆಸರು ಅದು. ಮಾರ್ಚಿನ ಕೊನೆಯ ಭಾನುವಾರದಿಂದ ಅಕ್ಟೋಬರಿನ ಕೊನೆಯ ಭಾನುವಾರದವರೆಗೆ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ಇಸ್ರೇಲಿನವರದೂ ಇದೇ ಮೂರಕ್ಷರ. ನಮ್ಮ ಗಡಿಯಾರ ವರ್ಷವಿಡೀ ಒಂದೇ ತೆರನಾಗಿ ಓಡುವುದರಿಂದ, ಬೇರೆಯವರ ಗಡಿಯಾರ ವರ್ಷಕ್ಕೆ ಎರಡು ಸಲ ಜಿಗಿಯುತ್ತದೆ ಎಂಬುದೇ ನಮಗೆ ನೆನಪಿರುವುದಿಲ್ಲ.

*

ಹಾಗಾದರೆ ತಪ್ಪು ಯಾರದು? ಮೇಲ್ ಬರೆದ ಎಚ್‌ಆರ್ ಹೆಣ್ಣುಮಗಳದೂ ಸ್ವಲ್ಪ ಇದೆ, ಅನುಮಾನವಿಲ್ಲ. ಆದರೆ ಆ ಮೇಲ್ ಜೊತೆ ಒಂದು ಕ್ಯಾಲೆಂಡರ್ ಆಹ್ವಾನವೂ ಬಂದಿತ್ತು. ಅದನ್ನು ತೆರೆದಿದ್ದರೆ ಫೋನೇ ಲೆಕ್ಕ ಹಾಕಿ ರಾತ್ರಿ 7:30 ಎಂದು ತೋರಿಸುತ್ತಿತ್ತು. ಹುಡುಗ ಓದಿದ್ದು ಮೇಲ್‌ನ ಒಕ್ಕಣೆಯನ್ನಷ್ಟೆ. ಬರೆದ ಸಮಯಕ್ಕೂ ಆಹ್ವಾನದ ಸಮಯಕ್ಕೂ ತಾಳೆಯಾಗದಿದ್ದರೆ ಅಂದೇ ಕೇಳಿಬಿಡಬೇಕು. ಅಂಥ ಪ್ರಶ್ನೆಯನ್ನು ಯಾರೂ ದಡ್ಡತನ ಎಂದುಕೊಳ್ಳುವುದಿಲ್ಲ.

*

ಅವನ ದೊಡ್ಡ ತಪ್ಪು ನಡೆದದ್ದು ಮೂರೂ ಇಪ್ಪತ್ತಕ್ಕೆ. ಯಾರೂ ಬಾರದಿದ್ದಾಗ ‘ಲಿಂಕಿನಲ್ಲಿದ್ದೇನೆ, ಸಮಯ ನಾನು ತಪ್ಪಾಗಿ ತಿಳಿದೆನೇ?’ ಎಂದು ಒಂದು ಸಾಲು ಕಳಿಸಿದ್ದರೆ ಕ್ಷಮೆ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಎದುರಿನವರು ಬರಲಿಲ್ಲವೆಂದು ಮುನಿಸಿಕೊಂಡು ಸುಮ್ಮನಾಗುವುದು ನಮ್ಮಲ್ಲಿ ಬಹಳ ಜನರ ಗುಣ. ಬೀಗರ ಮನೆಯ ಮದುವೆಯಲ್ಲಿ ಅದು ನಡೆದೀತು.

*

ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ‘ಹದಿನೈದು ನಿಮಿಷ ಕಾದೆವು’ ಎಂಬ ಮೇಲ್ ಕಣ್ಣಿಗೆ ಬಿತ್ತು. ನಾಳೆ ಬೆಳಿಗ್ಗೆ ತಿಳಿ ತಲೆಯಲ್ಲಿ ಬರೆದರಾಯಿತು ಎಂದು ಅವನ ಮನಸ್ಸು ಹೇಳಿತು. ಆದರೆ ಡಬ್ಲಿನ್ನಿನಲ್ಲಿ ಆಗಿನ್ನೂ ನಾಲ್ಕೂ ಕಾಲು, ಮೇಲ್ ಬರೆದಾಕೆ ಕಚೇರಿಯಲ್ಲೇ ಇದ್ದಳು. ಸಂಜೆ ಐದಕ್ಕೆ ಎದ್ದು ಹೋಗುವ ಮೊದಲು ಆಕೆ ಅವನ ಹೆಸರಿನ ಮುಂದೆ ‘ಬರಲಿಲ್ಲ’ ಎಂದು ಗುರುತು ಹಾಕುವವಳು. ಬಿದ್ದ ಗುರುತನ್ನು ಅಳಿಸಬೇಕೆಂದರೆ ಯಾರದೋ ಒಪ್ಪಿಗೆ ಬೇಕು, ಬೀಳದ ಗುರುತಿಗೆ ಯಾವ ಒಪ್ಪಿಗೆಯೂ ಬೇಡ. ಉಳಿದದ್ದು ಮುಕ್ಕಾಲು ಗಂಟೆ.

*

ಮೊದಲ ಕರಡು ಒಂದು ಪುಟ ತುಂಬಿತ್ತು. ಎಮ್ಮೆ, ಹಾಲು, ಡೈರಿ, ಮನೆಯ ಸ್ಥಿತಿ, ಈ ನೌಕರಿ ತನಗೆ ಎಷ್ಟು ಮುಖ್ಯ, ತಾನು ಎಂದೂ ಹೀಗೆ ಮಾಡಿದವನಲ್ಲ, ನಿಮ್ಮ ಮೇಲ್‌ನಲ್ಲಿ ಸಮಯ ಸ್ಪಷ್ಟವಾಗಿರಲಿಲ್ಲ. ಅವನ ಚಿಕ್ಕಪ್ಪನ ಮಗಳು ಪುಣೆಯಲ್ಲಿ ಎಚ್‌ಆರ್ ಕೆಲಸದಲ್ಲಿದ್ದಾಳೆ. ಫೋನಿನಲ್ಲಿ ಓದಿಸಿ ಕೇಳಿದವಳು ಅಂದಳು: “ತಮ್ಮಾ, ನಿಮ್ಮ ಮೇಲ್‌ನ್ಯಾಗ ಸರಿಯಾಗಿ ಇರಲಿಲ್ಲ ಅಂತ ಬರದೀಯಲ್ಲ, ಮೊದಲ ಅದನ್ನ ತಗಿ. ಅದನ್ನ ಬರದಾಕಿನೂ ಓದತಾಳ, ಆಕಿ ಮ್ಯಾಲಿನವರೂ ಓದತಾರ. ಆಕಿ ನಿನ್ನ ಪರವಾಗಿ ಮಾತಾಡಬೇಕೋ ಬ್ಯಾಡೋ?”

*

ಹೋದ ಮೇಲ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಅದರ ಸಾರ ಹೀಗೆ:

‘ಇಂದಿನ ಸಂದರ್ಶನಕ್ಕೆ ನಾನು ಬರಲಿಲ್ಲ, ನೀವೆಲ್ಲ ನನಗಾಗಿ ಕಾದಿರಿ. ಅದಕ್ಕಾಗಿ ಕ್ಷಮೆ ಕೇಳುತ್ತೇನೆ. 3:00 PM IST ಎಂಬುದನ್ನು ಭಾರತದ ಸಮಯವೆಂದು ತಿಳಿದು ಆ ಹೊತ್ತಿಗೆ ಲಿಂಕ್ ತೆರೆದು ಕುಳಿತಿದ್ದೆ. ಯಾರೂ ಬಾರದಿದ್ದಾಗ ನಿಮ್ಮನ್ನು ಕೇಳಬೇಕಿತ್ತು, ಕೇಳಲಿಲ್ಲ. ಈ ಹುದ್ದೆಗೆ ನನ್ನನ್ನು ಇನ್ನೂ ಪರಿಗಣಿಸಲು ಸಾಧ್ಯವಿದ್ದರೆ, ಬುಧವಾರ ಮತ್ತು ಗುರುವಾರ ಡಬ್ಲಿನ್ ಸಮಯ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ, ಅಂದರೆ ಭಾರತದಲ್ಲಿ ಮಧ್ಯಾಹ್ನ 1:30ರಿಂದ ರಾತ್ರಿ 9:30ರವರೆಗೆ, ನಿಮಗೆ ಅನುಕೂಲವಾದ ಹೊತ್ತಿಗೆ ಸಿದ್ಧನಿರುತ್ತೇನೆ. ನನ್ನ ಫೋನ್ ಸಂಖ್ಯೆ ಕೆಳಗಿದೆ.’

ಹೊಸ ಮೇಲ್ ತೆರೆಯದೆ ಆಕೆಯ ಮೇಲ್‌ಗೇ ಉತ್ತರವಾಗಿ ಬರೆದ. ಹುದ್ದೆ ಯಾವುದು, ಕರೆದದ್ದು ಯಾವಾಗ, ಲಿಂಕ್ ಯಾವುದು ಎಲ್ಲವೂ ಕೆಳಗೇ ಇದ್ದುದರಿಂದ ಆಕೆ ಏನನ್ನೂ ಹುಡುಕಬೇಕಾಗಲಿಲ್ಲ.

*

ಎರಡು ಗಡಿಯಾರಗಳ ಸಮಯವನ್ನೂ ಬರೆದದ್ದೇ ಈ ಮೇಲ್‌ನ ಗಟ್ಟಿ ಭಾಗ ಎಂದು ನನಗೆ ಅನಿಸುತ್ತದೆ. ಮತ್ತೆ ಹೀಗಾಗುವುದಿಲ್ಲ ಎಂದು ಆಣೆ ಮಾಡುವುದು ಸುಲಭ, ನಂಬುವುದು ಕಷ್ಟ. ಲೆಕ್ಕ ಸರಿಯಾಗಿರುವುದನ್ನು ನೋಡಿದವರಿಗೆ ಆಣೆ ಬೇಕಾಗುವುದಿಲ್ಲ.

*

ಬಿಡುವಿನ ವೇಳೆ ಕೊಡುವಾಗ ಒಂದೇ ಒಂದು ಗಂಟೆ ಕೊಟ್ಟರೆ ಹುಕುಂ ಮಾಡಿದಂತೆ. ‘ಯಾವಾಗ ಬೇಕಾದರೂ’ ಎಂದರೆ ಹೊಂದಿಸುವ ಕೆಲಸವನ್ನೆಲ್ಲ ಅವರ ಮೇಲೆಯೇ ಹೊರಿಸಿದಂತೆ. ಎರಡು ದಿನ, ಅವರ ಕಚೇರಿ ವೇಳೆ; ಅಷ್ಟು ಸಾಕು.

*

ಕಾರಣ ಹೇಳಬೇಕು, ಒಂದೇ ಸಾಲಿನಲ್ಲಿ. ಕರೆಂಟ್ ಹೋಗಿದ್ದರೆ ಕರೆಂಟ್ ಹೋಗಿತ್ತು ಎಂದರೆ ಮುಗಿಯಿತು. ತ್ರೀ ಫೇಸ್ ಎಷ್ಟು ಗಂಟೆಗೆ ಬರುತ್ತದೆ, ಸಿಂಗಲ್ ಫೇಸ್ ಯಾವಾಗ ಎಂಬ ಪುರಾಣ ಪಂಪ್‌ಸೆಟ್ ಇಟ್ಟವರಿಗೆ ಮಾತ್ರ ಅರ್ಥವಾಗುವಂಥದ್ದು. ಹುಕ್ಕೇರಿ ಭಾಗಕ್ಕೆ ಕರೆಂಟ್ ಹಂಚುವುದು 1969ರಲ್ಲಿ ಹುಟ್ಟಿದ ಸಹಕಾರಿ ಸಂಘ, ರಾಜ್ಯದಲ್ಲಿ ಅಂಥದ್ದು ಇನ್ನೊಂದಿಲ್ಲ ಎಂಬುದು ಹೇಳಿಕೊಳ್ಳಬೇಕಾದ ಸಂಗತಿಯೇ. ಕೆಲಸ ಸಿಕ್ಕ ಮೇಲೆ ಊಟದ ಹೊತ್ತಿನಲ್ಲಿ ಹೇಳಿಕೊಳ್ಳಲಿ.

ಇನ್ನೊಂದು ಮಾತು. ಕರೆಂಟ್ ಇರುವುದಿಲ್ಲವೆಂದು ಹಿಂದಿನ ದಿನವೇ ಪ್ರಕಟಣೆ ಬಂದಿದ್ದರೆ ಅದು ಕಾರಣವಾಗಿ ನಿಲ್ಲುವುದಿಲ್ಲ. ಗೊತ್ತಿದ್ದೂ ಮೊದಲೇ ಏಕೆ ತಿಳಿಸಲಿಲ್ಲ ಎಂಬ ಹೊಸ ಪ್ರಶ್ನೆ ಎದ್ದು ಕೂರುತ್ತದೆ.

*

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪೇಟೆಯೊಳಗೆ ನೀರು ನುಗ್ಗಿತ್ತು. ಅಂಥ ದಿನಗಳಲ್ಲಿ ತಪ್ಪಿದ ಕರೆಗೆ ಯಾರೂ ಪುರಾವೆ ಕೇಳುವುದಿಲ್ಲ, ಊರಿನ ಹೆಸರು ಬರೆದರೆ ಹುಡುಕಿ ನೋಡಿಕೊಳ್ಳುತ್ತಾರೆ. ಮುಳುಗಿದ ಮನೆಯ ಹತ್ತು ಫೋಟೊ ಅಂಟಿಸಿ ಕಳಿಸಿದರೆ ಓದುವವರಿಗೆ ಮುಜುಗರ. ನೆಟ್‌ವರ್ಕ್ ಯಾವಾಗ ಬಂತು, ಇನ್ನು ಯಾವ ಊರಿನಿಂದ ಮಾತಾಡಬಲ್ಲೆ, ಇಷ್ಟು ತಿಳಿಸಿದರೆ ಅವರು ಮುಂದಿನದನ್ನು ಯೋಚಿಸಬಲ್ಲರು.

*

ಸುಳ್ಳು ಕಾರಣಕ್ಕೆ ಜ್ವರವೇ ಎಲ್ಲರಿಗೂ ಪ್ರಿಯ. ಆದರೆ ಅದೇ ಸಂಜೆ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಕ್ರಿಕೆಟ್ ಆಡುವ ವಿಡಿಯೊ ಇದ್ದರೆ, ಮತ್ತು ಆ ನಂಬರು ಎಚ್‌ಆರ್ ಬಳಿಯೂ ಇದ್ದರೆ! ಮಲಗಿಬಿಟ್ಟೆ ಎಂಬ ನಿಜಕ್ಕೆ ಅವಮಾನ ಹೆಚ್ಚು, ಆಯುಷ್ಯವೂ ಹೆಚ್ಚು.

*

ತಿಳಿಯದ ನಂಬರೆಂದು ಫೋನ್ ಎತ್ತದೆ ತಪ್ಪಿದ ಕರೆಗಳೂ ಬಹಳ. 140ರಿಂದ ಶುರುವಾಗುವ ಕರೆಗಳಿಗೆ ಬೇಸತ್ತು ಹೊಸ ನಂಬರುಗಳನ್ನೆಲ್ಲ ಮೌನಕ್ಕೆ ತಳ್ಳಿಟ್ಟವರು ಸಂದರ್ಶನದ ವಾರದಲ್ಲಾದರೂ ಅದನ್ನು ತೆಗೆಯಬೇಕು. ಹೀಗೆ ತಪ್ಪಿದರೆ ಮೊದಲು ಅದೇ ನಂಬರಿಗೆ ತಿರುಗಿ ಒಂದು ಸಲ ಫೋನ್ ಮಾಡಬೇಕು, ಸಿಗದಿದ್ದರೆ ಕೂಡಲೇ ಮೇಲ್. ಹನ್ನೊಂದು ಸಲ ಮಾಡಿದರೆ ಅದು ಬೇರೆಯೇ ಕಥೆಯಾಗುತ್ತದೆ.

*

ನಡುವೆ ಕನ್ಸಲ್ಟೆನ್ಸಿಯವರು ಇದ್ದರೆ ಅವರಿಗೂ ಅದೇ ಗಳಿಗೆಯಲ್ಲಿ ತಿಳಿಸಬೇಕು. ತಪ್ಪಿಸಿಕೊಂಡವನು ಹುಡುಗನಾದರೂ ಕಂಪನಿಯ ಮುಂದೆ ಕೈಕಟ್ಟಿ ನಿಲ್ಲುವವರು ಅವರು. ಕಾಲೇಜಿನ ಮೂಲಕ ಬಂದ ಕರೆಯಾಗಿದ್ದರೆ ಪ್ಲೇಸ್‌ಮೆಂಟ್ ಅಧಿಕಾರಿಯನ್ನು ಬಿಟ್ಟು ನೇರ ಕಂಪನಿಗೆ ಬರೆಯುವುದು ಎರಡನೆಯ ತಪ್ಪು.

*

ಎರಡು ಕೆಲಸದ ದಿನ ಕಳೆದರೂ ಉತ್ತರ ಬಾರದಿದ್ದರೆ ಒಂದು ನೆನಪಿನ ಮೇಲ್ ಕಳಿಸಬಹುದು, ಎರಡು ಸಾಲಿನದು. ಅದರಲ್ಲಿ ಕ್ಷಮೆಯನ್ನು ಮತ್ತೆ ಕೇಳಬೇಕಿಲ್ಲ. ಮೊದಲು ಕೊಟ್ಟ ದಿನಗಳು ಕಳೆದಿದ್ದರೆ ಹೊಸ ದಿನಗಳನ್ನು ಕೊಡಬೇಕು. ಅದಕ್ಕೂ ಉತ್ತರವಿಲ್ಲದಿದ್ದರೆ ಬೇರೆ ಕಡೆ ಅರ್ಜಿ ಹಾಕುವುದೇ ಸರಿ. ಜಾಗ ತುಂಬಿರುತ್ತದೆ, ಅಥವಾ ಸಾಲಿನಲ್ಲಿ ಸಾಕಷ್ಟು ಜನ ಇರುತ್ತಾರೆ. ಎಷ್ಟು ಚೆಂದದ ಮೇಲ್ ಆದರೂ ಇಲ್ಲದ ಖಾಲಿ ಜಾಗವನ್ನು ಹುಟ್ಟಿಸುವುದಿಲ್ಲ.

*

ಘೋಡಗೇರಿಯ ಹುಡುಗನಿಗೆ ಮರುದಿನ ಮಧ್ಯಾಹ್ನ ಉತ್ತರ ಬಂತು: ಗುರುವಾರ, 2:30 PM IST. ಮತ್ತೆ ಅದೇ ಮೂರಕ್ಷರ! ಹುಡುಗ ಈ ಸಲ ಮೊದಲು ಆಹ್ವಾನ ತೆರೆದು ನೋಡಿದ, ಆಮೇಲೆ ‘ಅಂದರೆ ಭಾರತದಲ್ಲಿ ಸಂಜೆ 7, ಸರಿಯೇ?’ ಎಂದು ಕೇಳಿ ಬರೆದ. ಸರಿ ಎಂದಳಾಕೆ. ಗುರುವಾರ ಡೈರಿಗೆ ಹಾಲು ಹಾಕಿ ಬರುವ ಪಾಳಿ ತಮ್ಮನಿಗೆ ಬಿತ್ತು.