ಕರೆದರೆ ಏಳುವಂಥ ಹೆಸರು

ದೊಡ್ಡತೋಗೂರಿನ ನಮ್ಮ ಬೀದಿಯಲ್ಲಿ ಗುರುವಾರ ಸಂಜೆ ಹತ್ತು ಹದಿನೈದು ಜನ ಸೇರಿ ಹಾಡುತ್ತೇವೆ. ರಾಮನವಮಿಗೆ ಪಕ್ಕದ ಬಡಾವಣೆಯವರು ಕರೆದು, ಆಮಂತ್ರಣ ಪತ್ರಿಕೆಗೆ ನಿಮ್ಮ ತಂಡದ ಹೆಸರು ಹೇಳಿ ಎಂದರು. ಆವರೆಗೆ ಹೆಸರೇ ಇರಲಿಲ್ಲ. ಆತುರದಲ್ಲಿ ‘ಶ್ರೀ ಗುರು ರಾಘವೇಂದ್ರ ಭಕ್ತಿಸುಧಾ ಮಹಿಳಾ ಭಜನಾ ವೃಂದ’ ಎಂದು ಬರೆದುಕೊಟ್ಟೆವು. ಅಚ್ಚಾಗಿ ಬಂದಾಗ ಹೆಸರು ಒಂದು ಸಾಲಿನಲ್ಲಿ ಹಿಡಿಸದೆ, ‘ವೃಂದ’ ಮಾತ್ರ ಕೆಳಗಿನ ಸಾಲಿನಲ್ಲಿ ಒಂಟಿಯಾಗಿ ಕೂತಿತ್ತು. ಮೈಕ್ ಹಿಡಿದ ಹುಡುಗ ಅರ್ಧಕ್ಕೆ ತಡವರಿಸಿ, ‘ಈಗ ಮಹಿಳೆಯರಿಂದ ಭಜನೆ’ ಎಂದುಬಿಟ್ಟ. ತಬಲಾ ನುಡಿಸುವವರೂ ಸೇರಿ ನಮ್ಮಲ್ಲಿ ಮೂವರು ಗಂಡಸರಿದ್ದಾರೆ. ಅವರು ಎದ್ದು ಬರಬೇಕೋ ಬೇಡವೋ ತಿಳಿಯದೆ ಕುರ್ಚಿಯಲ್ಲೇ ಉಳಿದರು. ಆ ಮೂರು ಮುಖಗಳು ನನ್ನನ್ನು ಬಹಳ ದಿನ ಕಾಡಿದವು.

ಮುಂದಿನ ಗುರುವಾರ ಹೆಸರನ್ನು ಬಾಯಿಂದಲೇ ಪರೀಕ್ಷಿಸಿದೆವು. ವೇದಿಕೆಯಲ್ಲಿ ಹೆಸರನ್ನು ಯಾರೂ ಬರಿದಾಗಿ ಹೇಳುವುದಿಲ್ಲ. ‘ಅವರಿಂದ’ ಸೇರಿಸಿಯೇ ಹೇಳುತ್ತಾರೆ. ‘ವೃಂದದವರಿಂದ’ ಎನ್ನುವಾಗ ದಕಾರದ ಮೇಲೆ ದಕಾರ ಬಿದ್ದು ನಾಲಿಗೆ ಎಡವುತ್ತದೆ. ‘ಭಜನಾ ಮಂಡಳಿಯವರಿಂದ ಭಜನೆ’ ಸಲೀಸಾಗಿ ಹೊರಡುತ್ತದೆ, ಆದರೆ ಒಂದೇ ಮಾತು ಎರಡು ಸಲ ಕೇಳಿಸುತ್ತದೆ. ‘ಬಳಗದವರಿಂದ ಭಜನೆ’ ಹಗುರ. ನಮ್ಮ ತೆಲುಗು ಗೆಳತಿಗೆ ಅದು ಕಷ್ಟವಾಗಲಿಲ್ಲ. ಬಿಹಾರದಿಂದ ಬಂದ ಹುಡುಗಿ ‘ಬಲಗ’ ಎಂದಳು, ಆದರೂ ಅರ್ಥ ಕೆಡಲಿಲ್ಲ. ಮೈಕಿನಲ್ಲಿ ಮೊದಲು ಕರಗುವುದು ಮಹಾಪ್ರಾಣ ಮತ್ತು ಒತ್ತಕ್ಷರ. ‘ಭಕ್ತಿಸುಧಾ’ ಎಂಬಲ್ಲಿ ಎರಡೂ ಇವೆ. ಕಾಗದದ ಮೇಲೆ ಚೆಂದ ಕಾಣುವ ಹೆಸರು ಗದ್ದಲದ ಪೆಂಡಾಲಿನಲ್ಲಿ ಸೋಲುವುದು ಹೀಗೆ.

ಇಷ್ಟು ಸುಲಭವಾಗಿ ಬಗೆಹರಿಯಿತು. ಕಷ್ಟವಾದದ್ದು ಯಾರ ಹೆಸರು ಎಂಬ ಪ್ರಶ್ನೆ. ಹಾರ್ಮೋನಿಯಂ ಕೊಡಿಸಿದ ಅಕ್ಕ ತೀರಿಹೋದ ತಮ್ಮ ಅತ್ತೆಯ ಹೆಸರಿಡೋಣ ಎಂದರು. ಕೇಳುವಾಗ ಅವರ ದನಿ ನಡುಗುತ್ತಿತ್ತು. ಇನ್ನೊಬ್ಬರು ‘ಶ್ರೀಹರಿ’ ಎಂದರು. ಕಲಬುರಗಿ ಕಡೆಯ ಶರಣಮ್ಮನವರು ಏನೂ ಹೇಳಲಿಲ್ಲ. ಅವರು ನಮ್ಮ ನಡುವೆ ವಚನ ಹಾಡುವವರು.

ಆ ಮೌನದಲ್ಲಿ ನನಗೆ ಅಂಕಿತದ ನೆನಪಾಯಿತು. ದಾಸರಿಗೆ ಹೆಸರಿಡುವ ಒಂದು ಹದ ಗೊತ್ತಿತ್ತು. ಪುರಂದರದಾಸರ ಹಾಡಿನ ಕೊನೆಯಲ್ಲಿ ಪುರಂದರವಿಠಲ, ಕನಕದಾಸರ ಹಾಡಿನಲ್ಲಿ ಕಾಗಿನೆಲೆಯ ಆದಿಕೇಶವ, ಹರಪನಹಳ್ಳಿ ಭೀಮವ್ವನವರಲ್ಲಿ ಭೀಮೇಶಕೃಷ್ಣ. ಬಸವಣ್ಣನವರ ವಚನ ಕೂಡಲಸಂಗಮದೇವನನ್ನು ಕರೆಯುತ್ತದೆ. ಹಾಡು ಯಾರದೆಂದು ಅಂಕಿತದಿಂದ ತಿಳಿಯುತ್ತದೆ, ಆದರೆ ಅಲ್ಲಿ ನಿಂತಿರುವುದು ದೇವರ ಹೆಸರು, ಎಷ್ಟೋ ಸಲ ಒಂದು ಊರಿನ ಹೆಸರೂ ಜೊತೆಗಿರುತ್ತದೆ. ಹಾಡುವವರು ಅದರ ನೆರಳಿನಲ್ಲಿ ಇರುತ್ತಾರೆ. ಅತ್ತೆಯ ಹೆಸರಿಟ್ಟರೆ ಆ ನೆರಳು ಒಂದು ಮನೆಯದಾಗುತ್ತಿತ್ತು. ‘ಶ್ರೀಹರಿ’ ದೊಡ್ಡ ಹೆಸರೇ, ಆದರೆ ಅದರಡಿ ಶರಣಮ್ಮನವರು ಅತಿಥಿಯಾಗುತ್ತಿದ್ದರು.

ದಾಸರ ಹೆಗಲ ಮೇಲೂ ತತ್ವಪದಕಾರರ ಕೈಯಲ್ಲೂ ಮಂಟೇಸ್ವಾಮಿಯ ನೀಲಗಾರರ ಬಳಿಯೂ ಇರುವ ಒಂದು ವಸ್ತು ತಂಬೂರಿ. ‘ತಂಬೂರಿ ಬಳಗ’ ಎಂದಾಗ ಮಹಾಪ್ರಾಣವಿಲ್ಲ, ಒತ್ತಿಲ್ಲ, ಯಾರೂ ಹೊರಗುಳಿಯುವುದಿಲ್ಲ. ‘ಶ್ರೀ’ ಇಲ್ಲದೆ ಪತ್ರಿಕೆಯಲ್ಲಿ ಬೋಳಾಗಿ ಕಾಣುತ್ತದೆ ಎಂದು ಹಿರಿಯರೊಬ್ಬರು ಕೊರಗಿದರು. ಅವರ ಮಾತಿನಲ್ಲೂ ಸತ್ಯವಿತ್ತು. ಆಮಂತ್ರಣವನ್ನು ಜನ ದೇವರ ಮನೆಯಲ್ಲಿಟ್ಟು ಕೈಮುಗಿಯುತ್ತಾರೆ. ಅದಕ್ಕೆ ಊರನ್ನು ಸೇರಿಸಿದೆವು: ‘ತಂಬೂರಿ ಬಳಗ, ದೊಡ್ಡತೋಗೂರು.’ 1978ರಲ್ಲಿ ಕಿಯೋನಿಕ್ಸ್ ಇಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಕಟ್ಟಲು ಹೊರಟಾಗ ಜಾಗ ಒದಗಿಸಿದ್ದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು. ಫೇಸ್ ಒಂದು, ಫೇಸ್ ಎರಡು ಎಂದು ವಿಳಾಸ ಹೇಳುವ ನಮಗೆ, ಕಾಲ ಕೆಳಗಿನ ಊರನ್ನು ಅಚ್ಚಿನಲ್ಲಿ ಕಂಡಾಗ ‘ಶ್ರೀ’ಯ ಕೊರತೆ ತುಂಬಿದಂತಾಯಿತು.

ಅಕ್ಕನಿಗೆ ಇದನ್ನು ಹೇಳುವುದು ನನ್ನ ಪಾಲಿಗೆ ಬಂತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮತ್ತೆ ಯಾವಾಗಲೂ ಹಿಂದಿನ ಸಾಲಲ್ಲೇ ಕೂತು ಹಾಡ್ತಿದ್ರು’ ಎಂದರು. ಆಮೇಲೆ ಹಾರ್ಮೋನಿಯಂ ಪೆಟ್ಟಿಗೆಯ ಒಳಮುಚ್ಚಳದಲ್ಲಿ, ತೆರೆದವರಿಗಷ್ಟೇ ಕಾಣುವಂತೆ, ಆ ಹೆಸರನ್ನು ಬರೆಸಿದರು.

ಗಣೇಶನ ಹಬ್ಬದ ಪೆಂಡಾಲಿನಲ್ಲಿ ಮೈಕ್ ಹಿಡಿದವರು ನಮಗೆ ಗುರುತಿಲ್ಲದವರು. ಚೀಟಿ ನೋಡಿ ಒಂದೇ ಉಸಿರಿಗೆ ‘ತಂಬೂರಿ ಬಳಗದವರಿಂದ ಭಜನೆ’ ಎಂದರು. ತಬಲಾದವರು ಎಲ್ಲರಿಗಿಂತ ಮೊದಲು ಎದ್ದರು.