ಕೊನೆಗೆ ಉಳಿಸಿಟ್ಟ ಅಸಲು

ಮೈಸೂರಿನಲ್ಲಿ ಮನೆಯನ್ನು ಭೋಗ್ಯಕ್ಕೆ ಕೊಡುವುದು ಎಲ್ಲರೂ ಬಲ್ಲ ಸಂಗತಿಯೇ. ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ತಿಂಗಳಿಗೆ 8,000 ರೂಪಾಯಿ ಬಾಡಿಗೆ ಬರಬಹುದಾದ ಮನೆಯೊಂದಿದೆ ಎನ್ನಿ. ಮಾಲೀಕರು ಬಾಡಿಗೆಯನ್ನು ಬಿಟ್ಟು, ಒಂದೇ ಗಂಟಾಗಿ 8 ಲಕ್ಷ ಪಡೆದು ಮೂರು ವರ್ಷಕ್ಕೆ ಕರಾರು ಬರೆಸುತ್ತಾರೆ. ಆ ಹಣದಲ್ಲಿ ಮಗಳ ಮದುವೆಯಾಗುತ್ತದೆ, ಇಲ್ಲವೇ ಮೇಲೊಂದು ಮಹಡಿ ಏಳುತ್ತದೆ. ಇದು ಸಾಲ ಎಂದು ಯಾರೂ ಅನ್ನುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಸಾಲವೇ. ಕೈಬಿಟ್ಟ ಬಾಡಿಗೆಯೇ ಬಡ್ಡಿ, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ಅಸಲು ಮಾತ್ರ ಮೂರು ವರ್ಷದಲ್ಲಿ ಒಂದು ರೂಪಾಯಿಯೂ ಕರಗುವುದಿಲ್ಲ. ಅವಧಿ ಮುಗಿದ ದಿನ ಮನೆಯಲ್ಲಿದ್ದವರು ಕೀಲಿ ಕೈಯಲ್ಲಿ ಹಿಡಿದು ನಿಂತಾಗ 8 ಲಕ್ಷ ಪೂರ್ತಿಯಾಗಿ ಎಣಿಸಿಕೊಡಬೇಕು.

ಕಾರು ಸಾಲದಲ್ಲಿ ‘ಬಲೂನ್ ಕಂತು’ ಎಂದು ಕರೆಯುವುದು ಇದೇ ಗುಣದ ವ್ಯವಹಾರ. ವ್ಯತ್ಯಾಸವೆಂದರೆ ಇಲ್ಲಿ ಅಸಲಿನ ಒಂದು ಭಾಗ ತಿಂಗಳು ತಿಂಗಳೂ ತೀರುತ್ತದೆ, ಇನ್ನೊಂದು ಭಾಗ ಹಾಗೆಯೇ ಕೊನೆಯವರೆಗೂ ನಿಲ್ಲುತ್ತದೆ. ತಿಂಗಳ ಕಂತು ಹಗುರವಾಗುವುದು ಈ ನಿಂತ ಭಾಗದಿಂದ.

ಟೂರಿಸ್ಟ್ ಟ್ಯಾಕ್ಸಿ ಓಡಿಸುವವರೊಬ್ಬರು 10 ಲಕ್ಷ ಸಾಲ ಮಾಡುತ್ತಾರೆ ಎಂದುಕೊಳ್ಳೋಣ. ಬಡ್ಡಿ ವರ್ಷಕ್ಕೆ ಶೇಕಡ 12, ಅಂದರೆ ತಿಂಗಳಿಗೆ ಶೇಕಡ 1. ಅವಧಿ 60 ತಿಂಗಳು. ಸಾಮಾನ್ಯ ಸಾಲವಾದರೆ ಕಂತು 22,244 ರೂಪಾಯಿ. ಅದರ ಬದಲು 3 ಲಕ್ಷವನ್ನು ಕೊನೆಗೆ ಒಟ್ಟಾಗಿ ಕಟ್ಟುತ್ತೇನೆ ಎಂದರೆ ಕಂತು 18,571ಕ್ಕೆ ಇಳಿಯುತ್ತದೆ. ಈ ಸಂಖ್ಯೆ ಎಲ್ಲಿಂದ ಬಂತು? ಸೂತ್ರಕ್ಕೆ ಹೋಗದೆಯೇ ತಿಳಿಯಬಹುದು. ಸಾಲವನ್ನು ಮನಸ್ಸಿನಲ್ಲೇ ಎರಡಾಗಿ ಒಡೆಯಿರಿ. ತೀರಿಸಬೇಕಾದ 7 ಲಕ್ಷಕ್ಕೆ ಸಾಮಾನ್ಯ ಕಂತು 15,571. ನಿಂತಿರುವ 3 ಲಕ್ಷಕ್ಕೆ ಬರೀ ಬಡ್ಡಿ, ತಿಂಗಳಿಗೆ 3,000. ಎರಡೂ ಕೂಡಿದರೆ 18,571. ಬ್ಯಾಂಕಿನ ಕಂಪ್ಯೂಟರು ಬೇರೆ ದಾರಿಯಲ್ಲಿ ಹೋದರೂ ಬಂದು ಮುಟ್ಟುವುದು ಇದೇ ಸಂಖ್ಯೆಗೆ.

ಹೀಗೆ ಒಡೆದು ನೋಡಿದಾಗ ಒಂದು ಭ್ರಮೆ ಕಳಚುತ್ತದೆ. ಕೊನೆಯ ದೊಡ್ಡ ಕಂತು ಐದು ವರ್ಷದ ನಂತರ ಎದುರಾಗುವ ಹೊರೆ ಎಂದು ನಾವು ಭಾವಿಸುತ್ತೇವೆ. ನಿಜಕ್ಕೂ ಅದು ಮೊದಲ ತಿಂಗಳಿನಿಂದಲೇ ಬೆನ್ನ ಮೇಲಿದೆ. 3,000ದಂತೆ 60 ತಿಂಗಳು ಕಟ್ಟಿದರೆ 1,80,000 ಆಯಿತು. ಅಷ್ಟು ಕಟ್ಟಿದ ಮೇಲೂ 3 ಲಕ್ಷ ಹಾಗೇ ಇದೆ. ಇಡೀ ಸಾಲಕ್ಕೆ ಬಡ್ಡಿ ಕೂಡಿದರೆ ಸಾಮಾನ್ಯ ಸಾಲದಲ್ಲಿ ಸುಮಾರು 3,34,700, ಬಲೂನ್ ಸಾಲದಲ್ಲಿ ಸುಮಾರು 4,14,300. ತಿಂಗಳಿಗೆ 3,673 ರೂಪಾಯಿ ಹಗುರಾದದ್ದಕ್ಕೆ ತೆತ್ತ ಬೆಲೆ 79,600 ರೂಪಾಯಿ.

ಕೆಲವೊಮ್ಮೆ ಲೆಕ್ಕ ಹಿಂದುಮುಂದಾಗಿ ಶುರುವಾಗುತ್ತದೆ. ಕೊನೆಗೆ ಎಷ್ಟು ಎಂದು ಮೊದಲು ಗೊತ್ತು ಮಾಡದೆ, “ನನಗೆ ತಿಂಗಳಿಗೆ 15,000 ಮೀರಬಾರದು” ಎಂದು ಗಿರಾಕಿ ಪಟ್ಟು ಹಿಡಿಯುತ್ತಾರೆ. ಆಗ ಉಳಿದದ್ದೆಲ್ಲ ಕೊನೆಗೆ ಹೋಗಿ ಬೀಳುತ್ತದೆ. ತಿಂಗಳಿಗೆ ಶೇಕಡ 1ರ ಚಕ್ರಬಡ್ಡಿಯಲ್ಲಿ 60 ತಿಂಗಳಿಗೆ 10 ಲಕ್ಷ ಬೆಳೆದು 18,16,697 ಆಗುತ್ತದೆ. ಕಟ್ಟಿದ 15,000ದ ಕಂತುಗಳೂ ಕಟ್ಟಿದ ದಿನದಿಂದ ಅದೇ ದರದಲ್ಲಿ ಬೆಳೆದವೆಂದು ಎಣಿಸಿದರೆ 12,25,045. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಕೊನೆಯ ಕಂತು 5,91,652 ರೂಪಾಯಿ. 18,571ರಿಂದ 15,000ಕ್ಕೆ ಇಳಿಸಿದ್ದರಿಂದ ಐದು ವರ್ಷದಲ್ಲಿ ಕೈಯಲ್ಲಿ ಉಳಿದದ್ದು ಸುಮಾರು 2,14,000, ಕೊನೆಯಲ್ಲಿ ಹೆಚ್ಚಿದ್ದು 2,91,000ಕ್ಕೂ ಮಿಕ್ಕು. ಕಂತನ್ನು 10,000ಕ್ಕೆ ಇಳಿಸಿದರೆ ಬಡ್ಡಿಯಷ್ಟೇ ಸಂದು, ಕೊನೆಗೆ ತಂದ 10 ಲಕ್ಷವೇ ಬಾಕಿ. ಭೋಗ್ಯದ ಮನೆಯ ಲೆಕ್ಕ ಇಲ್ಲಿಗೆ ಬಂದು ಕೂಡುತ್ತದೆ. ಅದಕ್ಕೂ ಕೆಳಗಿಳಿದರೆ ಐದು ವರ್ಷ ಕಟ್ಟಿದ ಮೇಲೆ ಸಾಲ ತಂದದ್ದಕ್ಕಿಂತ ದೊಡ್ಡದಾಗಿರುತ್ತದೆ.

ಹಾಗಾದರೆ ಇದು ಮೋಸವೇ? ಅಲ್ಲ. ಬಡ್ಡಿಯ ದರ ಒಂದೇ, ಉಳಿಸಿಕೊಂಡ ಅಸಲಿಗೆ ಅಷ್ಟು ದಿನದ ಬಡ್ಡಿ ನ್ಯಾಯವೇ. ಸಂಪಾದನೆಯೇ ಗಂಟಾಗಿ ಬರುವವರಿಗೆ ಸಾಲವೂ ಗಂಟಾಗಿ ತೀರುವುದು ಸಹಜ. ಸೊಸೈಟಿಯಲ್ಲಿ ಬೆಳೆಸಾಲ ತೆಗೆದ ರೈತರು ಕೊಯ್ಲಾದ ಮೇಲೆ ಒಂದೇ ಸಲ ಕಟ್ಟುತ್ತಾರೆ. ಬಿತ್ತಿದ ದಿನವೇ ಆ ಹಣ ಹೊಲದಲ್ಲಿ ದಾರಿ ಹಿಡಿದಿರುತ್ತದೆ. ಮಳೆ ಕೈಕೊಡಬಹುದು, ಆದರೂ ಹಣ ಯಾವ ದಿಕ್ಕಿನಿಂದ ಬರಬೇಕೆಂಬುದು ಗೊತ್ತು. ಟ್ಯಾಕ್ಸಿಯವರ ಪಾಡು ಬೇರೆ. ದಸರಾ ಬಂತೆಂದರೆ ಊರು ತುಂಬುತ್ತದೆ, ಊಟಿ, ಕೊಡಗಿನ ಬಾಡಿಗೆಗಳು ಒಂದರ ಮೇಲೊಂದು ಸಿಗುತ್ತವೆ ನಿಜ. ಆದರೆ ಅದು ಪ್ರತಿ ವರ್ಷದ ದಸರಾ, ಆ ದುಡಿಮೆ ಆಯಾ ವರ್ಷದ ಇನ್ಶೂರೆನ್ಸ್, ಟೈರು, ಮಕ್ಕಳ ಫೀಸಿಗೆ ಸರಿಹೋಗುತ್ತದೆ. ಐದನೆಯ ದಸರಾ ಮೊದಲ ನಾಲ್ಕಕ್ಕಿಂತ 3 ಲಕ್ಷ ಹೆಚ್ಚು ತರುತ್ತದೆ ಎನ್ನಲು ಕಾರಣವೇನಿದೆ?

“ಆಗ ಕಾರು ಮಾರಿದರಾಯಿತು” ಎಂಬ ಉತ್ತರ ತಕ್ಷಣ ಬರುತ್ತದೆ. ಬಲೂನ್ ಮೊತ್ತವನ್ನು ಕಾರಿನ ಅಂದಿನ ಬೆಲೆಗಿಂತ ಕೆಳಗೇ ಇಡಬೇಕು ಎಂಬ ತರ್ಕವೂ ಇದೇ. ಆದರೆ ಆ ಬೆಲೆ ಇಂದಿನ ಅಂದಾಜು, ಸಾಲ ಮಾತ್ರ ಬರೆದಿಟ್ಟ ಮೊತ್ತ. ಹಳದಿ ಬೋರ್ಡಿನಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಗಾಡಿಗೆ ಸ್ವಂತದ ಕಾರಿನ ಬೆಲೆ ಸಿಗದು. ನಡುವೆ ಗಾಡಿ ಕೈಬಿಡಬೇಕಾದರೆ ಕಷ್ಟ ಇನ್ನೂ ಹೆಚ್ಚು. ನಾಲ್ಕು ವರ್ಷ ಕಟ್ಟಿದ ಮೇಲೆ ಸಾಮಾನ್ಯ ಸಾಲದಲ್ಲಿ ಬಾಕಿ ಸುಮಾರು 2,50,000, ನಮ್ಮ ಬಲೂನ್ ಸಾಲದಲ್ಲಿ ಸುಮಾರು 4,75,000. ಅಲ್ಲದೆ ದುಡಿಯುವ ಗಾಡಿಯನ್ನೇ ಮಾರಿದರೆ ಮರುದಿನದ ದುಡಿಮೆ ಯಾವುದರಿಂದ?

ಇದೆಲ್ಲ ಗುಟ್ಟೇನಲ್ಲ, ಕಾಗದದಲ್ಲಿ ಇರುತ್ತದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಅದರ ಜೊತೆ ಕಂತುಗಳ ಪಟ್ಟಿಯೂ ಇರಬೇಕು. ಸಾಮಾನ್ಯವಾಗಿ ನಾವು ಮೊದಲ ಸಾಲನ್ನು ನೋಡಿ ರುಜು ಹಾಕುತ್ತೇವೆ. ನೋಡಬೇಕಾದದ್ದು ಕೊನೆಯ ಸಾಲನ್ನು. ಸಾಮಾನ್ಯ ಸಾಲದ 60ನೇ ಕಂತಿನಲ್ಲಿ ಬಡ್ಡಿ 220 ರೂಪಾಯಿಗೆ ಇಳಿದಿರುತ್ತದೆ. ನಮ್ಮ ಬಲೂನ್ ಸಾಲದ 60ನೇ ಕಂತಿನಲ್ಲೂ ಬಡ್ಡಿ 3,154 ಇರುತ್ತದೆ. ಬಡ್ಡಿಯ ಕಾಲಮ್ಮು ಸೊನ್ನೆಯತ್ತ ಇಳಿಯದೆ ನಡುವೆಯೇ ನಿಂತಿದ್ದರೆ, ಕೆಳಗೆ ಅಸಲಿನ ಗಂಟೊಂದು ಕೂತಿದೆ ಎಂದೇ ಅರ್ಥ. ಆ ಗಂಟು ಸಂದಾಯವಾಗುವ ತನಕ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಅಳಿಯುವುದಿಲ್ಲ, ಎನ್‌ಒಸಿ ಸಿಗುವುದಿಲ್ಲ.

ಭೋಗ್ಯಕ್ಕೆ ಮನೆ ಕೊಟ್ಟ ಮಾಲೀಕರು ಅವಧಿ ಮುಗಿದ ದಿನ ಏನು ಮಾಡುತ್ತಾರೆ? ಎಷ್ಟೋ ಸಲ ಹೊಸಬರನ್ನು ಹುಡುಕಿ, ಅವರ ಹಣವನ್ನು ಹಳಬರಿಗೆ ಕೊಡುತ್ತಾರೆ. ಸಾಲ ತೀರುವುದಿಲ್ಲ, ಸಾಲ ಕೊಟ್ಟವರು ಬದಲಾಗುತ್ತಾರೆ. ಕಾರಿನ 3 ಲಕ್ಷಕ್ಕೂ ಹೊಸ ಸಾಲ ಸಿಗಬಹುದು. ಅದೇ ದರದಲ್ಲಿ ಎರಡು ವರ್ಷಕ್ಕೆ ತಿಂಗಳಿಗೆ 14,122 ರೂಪಾಯಿ. ಹಾಗಾದಾಗ ಅದು ಐದು ವರ್ಷದ ಸಾಲವಾಗಿರಲಿಲ್ಲ, ಮೊದಲಿನಿಂದಲೂ ಏಳು ವರ್ಷದ್ದೇ ಆಗಿತ್ತು, ಕೊನೆಯ ಎರಡು ವರ್ಷದ ಷರತ್ತನ್ನು ಮಾತ್ರ ಬರೆದಿರಲಿಲ್ಲ. ಆದ್ದರಿಂದ ತಿಂಗಳ ಕಂತು ಕಟ್ಟಬಲ್ಲೆನೇ ಎಂದು ಕೇಳಿಕೊಂಡರೆ ಅರ್ಧ ಪ್ರಶ್ನೆಯಷ್ಟೇ ಕೇಳಿದಂತೆ. ಆ ಕೊನೆಯ ಮೊತ್ತ ಯಾವ ಹಣದಿಂದ ಬರಬೇಕು, ಆ ಹಣ ಇವತ್ತೇ ಎಲ್ಲಾದರೂ ಕೂಡಲು ಶುರುವಾಗಿದೆಯೇ ಎಂಬುದು ಉಳಿದರ್ಧ. ಇದಕ್ಕೆ “ಇನ್ನೊಂದು ಸಾಲದಿಂದ” ಎಂಬುದೊಂದೇ ಉತ್ತರವಾದರೆ, ಸಾಮಾನ್ಯ ಕಂತಿನಲ್ಲೇ ಏಳು ವರ್ಷದ ಸಾಲ ಕೇಳುವುದು ಹೆಚ್ಚು ಪ್ರಾಮಾಣಿಕ. ಅದು ಸಿಗದಿದ್ದರೆ ಇನ್ನಷ್ಟು ಕಡಿಮೆ ಬೆಲೆಯ ಗಾಡಿ ನೋಡುವುದು ಒಳಿತು.